ಒಟ್ಟು 60 ಬಂದರೂ ಫೇಲ್: ಇಂಟರ್ನಲ್ಸ್, ಎಕ್ಸ್‌ಟರ್ನಲ್ ಲೆಕ್ಕದಲ್ಲಿ ನಾನು ಕಳೆದ ಆರು ತಿಂಗಳು

ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮನೆ ಹಿಂದಿನ ಗುಡ್ಡ ಹತ್ತಿ, ಹಲಸಿನ ಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಬರುತ್ತದೆ. ಮಾರ್ಚ್ ತಿಂಗಳ ಒಂದು ಸಂಜೆ ಅಲ್ಲೇ ನಿಂತು ನನ್ನ ಮೂರನೇ ಸೆಮಿಸ್ಟರ್ ರಿಸಲ್ಟ್ ನೋಡಿದೆ. ನನ್ನ ರಿಜಿಸ್ಟರ್ ನಂಬರ್ ಅಂದರೆ ಯುಎಸ್‌ಎನ್ ಹಾಕಿ, ಕ್ಯಾಪ್ಚಾ ಹಾಕಿ, ಮೂರು ಸಲ ಪೇಜ್ ಅರ್ಧಕ್ಕೇ ನಿಂತು, ನಾಲ್ಕನೇ ಸಲ ತೆರೆದುಕೊಂಡಿತು.

ನಾನು ಮೊದಲು ನೋಡಿದ್ದು ಒಟ್ಟು ಅಂಕದ ಸಾಲನ್ನು. ಗಣಿತಕ್ಕೆ 60. ಡೇಟಾ ಸ್ಟ್ರಕ್ಚರ್ಸ್‌ಗೆ 39. ಉಳಿದವು ಪರವಾಗಿಲ್ಲ. 39 ನೋಡಿ ಎದೆ ಧಸಕ್ಕೆಂದಿತು. ಪಾಸಾಗಲು 40 ಬೇಕು ಅಂತ ಗೊತ್ತಿತ್ತು. ಆದರೆ ಪಕ್ಕದ ಸಾಲಿಗೆ ಕಣ್ಣು ಹೋದಾಗ ಡೇಟಾ ಸ್ಟ್ರಕ್ಚರ್ಸ್ ಮುಂದೆ ಮಾತ್ರ ಅಲ್ಲ, ಗಣಿತದ ಮುಂದೆಯೂ `F` ಅಂತ ಇತ್ತು. 60 ಅಂಕ, ಆದರೂ ಫೇಲ್. ಪೇಜ್ ಸರಿಯಾಗಿ ಲೋಡ್ ಆಗಿಲ್ಲವೇನೋ ಅಂತ ಮತ್ತೆ ತೆರೆದೆ. ಮತ್ತೆ ಅದೇ.

ಕೆಳಗೆ ಅಂಗಳದಲ್ಲಿ ಅಪ್ಪಯ್ಯ ಒಣಗಿದ ಅಡಿಕೆ ಗುಡ್ಡೆ ಮಾಡುತ್ತಿದ್ದರು. ಗುಡ್ಡ ಇಳಿದು ಬಂದವಳ ಮುಖ ನೋಡಿ, "ಎಂತ ಆಯ್ತೆ?" ಅಂದರು. ಎರಡು ಹೋಗಿದೆ ಅಂದೆ. ಎಷ್ಟು ಬಂದಿದೆ ಅಂತ ಕೇಳಿದರು. ಒಂದಕ್ಕೆ 60 ಬಂದಿದೆ ಅಂದಾಗ ಅವರಿಗೆ ಅರ್ಥವೇ ಆಗಲಿಲ್ಲ. "ಅರವತ್ತು ಬಂದ್ರೆ ಫಸ್ಟ್ ಕ್ಲಾಸ್ ಅಲ್ವೇನೆ, ಫೇಲ್ ಹೆಂಗಾಗ್ತದೆ?" ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಪೂರ್ತಿ ಗೊತ್ತಾಗಲು ಎರಡು ವಾರ ಬೇಕಾಯಿತು. ಆ ಎರಡು ವಾರದಲ್ಲಿ ಪಟ್ಟ ಗೊಂದಲವನ್ನು ಇನ್ನೊಬ್ಬರು ಪಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಓದುತ್ತಿರುವುದು ಎಂಜಿನಿಯರಿಂಗ್, ವಿಟಿಯು ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ. ಇಲ್ಲಿ ಒಂದು ಥಿಯರಿ ವಿಷಯಕ್ಕೆ 100 ಅಂಕ. ಅದರಲ್ಲಿ 50 ಇಂಟರ್ನಲ್ಸ್, ಕಾಗದದ ಮೇಲೆ ಅದನ್ನು ಸಿಐಇ ಅನ್ನುತ್ತಾರೆ. ಇನ್ನು 50 ಸೆಮಿಸ್ಟರ್ ಕೊನೆಯ ಪರೀಕ್ಷೆ, ಅದೇ ಎಕ್ಸ್‌ಟರ್ನಲ್, ಕಾಗದದ ಮೇಲೆ ಎಸ್‌ಇಇ. ನಾವೆಲ್ಲ ಹಾಸ್ಟೆಲಿನಲ್ಲಿ ಹೇಳಿಕೊಳ್ಳುತ್ತಿದ್ದದ್ದು ಒಂದೇ ಮಾತು: "ಎರಡೂ ಸೇರಿ 40 ಬಂದ್ರೆ ಪಾಸು." ಈ ಮಾತು ಸುಳ್ಳಲ್ಲ, ಆದರೆ ಇದು ಮೂರನೇ ಒಂದು ಭಾಗ ಮಾತ್ರ. ಇಂಟರ್ನಲ್ಸ್‌ನಲ್ಲಿ 50ಕ್ಕೆ ಕನಿಷ್ಠ 20 ಬರಬೇಕು. ಪರೀಕ್ಷೆಯಲ್ಲಿ 50ಕ್ಕೆ ಕನಿಷ್ಠ 18 ಬರಬೇಕು. ಇವೆರಡೂ ಆದಮೇಲೆ ಒಟ್ಟು 40 ಬರಬೇಕು. ಮೂರರಲ್ಲಿ ಒಂದು ತಪ್ಪಿದರೂ `F`.

ಗಣಿತದಲ್ಲಿ ನನ್ನ ಇಂಟರ್ನಲ್ಸ್ 44, ಪರೀಕ್ಷೆ 16. ಒಟ್ಟು 60 ಆದರೂ ಎರಡನೇ ಬಾಗಿಲಲ್ಲೇ ನಿಂತೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠಕ್ಕಿಂತ 24 ಅಂಕ ಜಾಸ್ತಿ ಇತ್ತು, ಅದರಲ್ಲಿ ಒಂದೂ ಪರೀಕ್ಷೆಯ ಕಡೆಗೆ ಹರಿಯುವುದಿಲ್ಲ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಇಂಟರ್ನಲ್ಸ್ 20, ಪರೀಕ್ಷೆ 19. ಇಲ್ಲಿ ನೋಡಿ, ಎರಡೂ ಬಾಗಿಲು ದಾಟಿದ್ದೇನೆ. 20ಕ್ಕೆ 20 ಇದೆ, 18ಕ್ಕೆ 19 ಇದೆ. ಆದರೂ ಒಟ್ಟು 39, ಮೂರನೆಯದರಲ್ಲಿ ಹೋಯಿತು.

ಇದು ನನಗೆ ಯಾರೂ ಹೇಳಿರದ ವಿಷಯ. ಎರಡೂ ಕನಿಷ್ಠಗಳನ್ನು ಕೂಡಿಸಿ ನೋಡಿ: 20ಕ್ಕೆ 18 ಸೇರಿಸಿದರೆ 38. 40 ಆಗುವುದಿಲ್ಲ. ಅಂದರೆ ಎರಡೂ ಕಡೆ ಅಂಚಿನಲ್ಲಿ ಪಾಸಾದವರು ಒಟ್ಟಿನಲ್ಲಿ ಫೇಲ್ ಆಗುತ್ತಾರೆ. ಇಂಟರ್ನಲ್ಸ್ 22 ಇದ್ದರೆ ಮಾತ್ರ ಪರೀಕ್ಷೆಯಲ್ಲಿ 18 ಸಾಕು. 21 ಇದ್ದರೆ 19 ಬೇಕು. 20 ಇದ್ದರೆ 20 ಬೇಕು. ಡಿಸೆಂಬರಿನಲ್ಲಿ "20 ಬಂತಲ್ಲ, ಇಂಟರ್ನಲ್ಸ್ ಸೇಫ್" ಅಂತ ನಾನು ನೆಮ್ಮದಿಯಾಗಿದ್ದೆ. ನಿಜ ಹೇಳಬೇಕೆಂದರೆ, ಆ 20 ನನ್ನ ಪರೀಕ್ಷೆಯ ಗುರಿಯನ್ನು ಸದ್ದಿಲ್ಲದೆ ಎರಡು ಅಂಕ ಮೇಲಕ್ಕೆ ಏರಿಸಿಟ್ಟಿತ್ತು.

ಮಾರನೇ ದಿನ ಬೆಳಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟೆ. ಮಂಡಗದ್ದೆ ದಾಟುವವರೆಗೂ ತುಂಗೆಯ ಕಡೆ ಮುಖ ಮಾಡಿ ಕೂತಿದ್ದೆ. ಪಕ್ಕದಲ್ಲಿ ಕೂತವರು ಮಾತಾಡಿಸಿದರೆ ಅಳು ಬರುತ್ತದೆ ಅಂತ ಭಯ. ಗೋಪಿ ಸರ್ಕಲ್ ಹತ್ತಿರ ನನ್ನ ರೂಮ್‌ಮೇಟ್ ಕಾಯುತ್ತಿದ್ದಳು. ಅವಳದ್ದೂ ಗಣಿತ ಹೋಗಿತ್ತು, ಪರೀಕ್ಷೆಯಲ್ಲಿ 17. ನಮ್ಮ ಬ್ಯಾಚಿನ ಇನ್ನೊಬ್ಬನದ್ದು ಬೇರೆಯೇ ಕಥೆ. ಅವನಿಗೆ ಇಂಟರ್ನಲ್ಸ್‌ನಲ್ಲಿ 19 ಬಂದಿದ್ದಕ್ಕೆ ಆ ವಿಷಯದ ಪರೀಕ್ಷೆ ಬರೆಯಲೇ ಬಿಟ್ಟಿರಲಿಲ್ಲ. ಅವನ ರಿಸಲ್ಟಿನಲ್ಲಿ `NE` ಅಂತ ಇತ್ತು, ಅಂದರೆ ಪರೀಕ್ಷೆಗೆ ಅರ್ಹನಲ್ಲ ಅಂತ. `F` ಬಂದವರಿಗೆ ಪರೀಕ್ಷೆ ಮಾತ್ರ ಬಾಕಿ, ಇಂಟರ್ನಲ್ಸ್ ಹಾಗೇ ಉಳಿಯುತ್ತದೆ. `NE` ಬಂದವರು ಆ ವಿಷಯಕ್ಕೆ ಮತ್ತೆ ಹೆಸರು ಕೊಟ್ಟು ಇಂಟರ್ನಲ್ಸನ್ನೇ ಹೊಸದಾಗಿ ಮಾಡಬೇಕು. ಹಾಗಾಗಿ ನಿಮ್ಮ ಮುಂದೆ ಯಾವ ಅಕ್ಷರ ಇದೆ ಅಂತ ಮೊದಲು ನೋಡಿ. ಎರಡೂ ಫೇಲ್ ಅನ್ನಿಸಿದರೂ ದಾರಿ ಬೇರೆ ಬೇರೆ.

ಕಾಲೇಜಿಗೆ ಹೋಗಿದ್ದು ಡೇಟಾ ಸ್ಟ್ರಕ್ಚರ್ಸ್‌ನ ಆ ಒಂದು ಅಂಕಕ್ಕಾಗಿ. ನನ್ನ ಇಂಟರ್ನಲ್ಸ್ 20 ಹೇಗಾಯಿತು ಅಂತ ಅನುಮಾನ ಇತ್ತು. ನಮ್ಮಲ್ಲಿ 50ರಲ್ಲಿ 25 ಟೆಸ್ಟ್‌ಗಳಿಗೆ, 25 ಅಸೈನ್‌ಮೆಂಟ್‌ಗಳಿಗೆ. ಎರಡು ಟೆಸ್ಟ್ ಇರುತ್ತವೆ, ಒಂದು ಸುಮಾರು ಅರ್ಧ ಪಾಠ ಆದಮೇಲೆ, ಇನ್ನೊಂದು ಪಾಠ ಮುಗಿಯುವ ಹೊತ್ತಿಗೆ. ಎರಡರ ಸರಾಸರಿ ತೆಗೆದುಕೊಳ್ಳುತ್ತಾರೆ. ರೂಮಿಗೆ ಹೋಗಿ ಟ್ರಂಕಿನಿಂದ ಟೆಸ್ಟ್ ಬರೆದ ಬ್ಲೂ ಬುಕ್ ತೆಗೆದೆ. ಮೊದಲ ಟೆಸ್ಟಿನಲ್ಲಿ 7. ಎರಡನೆಯದರಲ್ಲಿ ಮೊದಲ ಪುಟದ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ 15, ಕೆಳಗೆ ಮೇಡಂ ಸಹಿ. ಸರಾಸರಿ 11. ಅಸೈನ್‌ಮೆಂಟಿಗೆ 12 ಕೊಟ್ಟಿದ್ದರು. ಒಟ್ಟು 23 ಆಗಬೇಕಿತ್ತು.

ಡಿಪಾರ್ಟ್‌ಮೆಂಟಿನಲ್ಲಿ ಇಂಟರ್ನಲ್ಸ್ ಅಂಕದ ಪಟ್ಟಿ ತೆಗೆಸಿ ನೋಡಿದೆವು. ಎರಡನೇ ಟೆಸ್ಟ್ ಕಾಲಂನಲ್ಲಿ ನನ್ನ ಹೆಸರಿನ ಮುಂದೆ 15ರ ಬದಲು 9 ಅಂತ ಇತ್ತು. 7 ಮತ್ತು 9, ಸರಾಸರಿ 8. ಅದಕ್ಕೆ 12 ಸೇರಿ 20. ಅದೇ ಸಾಲಿನ ಕೊನೆಯಲ್ಲಿ ನನ್ನ ಸಹಿ ಇತ್ತು.

ಆ ಸಹಿ ನೋಡಿದಾಗ ಆದ ಸಂಕಟ ರಿಸಲ್ಟ್ ನೋಡಿದಾಗಲೂ ಆಗಿರಲಿಲ್ಲ. ಸಹಿ ಹಾಕಿದ ದಿನ ಚೆನ್ನಾಗಿ ನೆನಪಿದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಊರಿಗೆ ಹೋಗುವ ಗಡಿಬಿಡಿ. ಕಾರಿಡಾರಿನಲ್ಲಿ ಬೆಂಚಿನ ಮೇಲೆ ಐದಾರು ಪಟ್ಟಿ ಇಟ್ಟಿದ್ದರು, ಒಬ್ಬರ ಮೇಲೊಬ್ಬರು ಬಿದ್ದು ಸಹಿ ಹಾಕುತ್ತಿದ್ದೆವು. ನಾನು ಕೊನೆಯ ಕಾಲಂ ಒಂದನ್ನೇ ನೋಡಿದೆ. 20 ಇದೆ, ಸಾಕು ಅಂತ ಸಹಿ ಹಾಕಿ ಬಸ್ ಸ್ಟ್ಯಾಂಡಿಗೆ ಓಡಿದೆ.

ಎಚ್‌ಒಡಿ ಸರ್ ಬೈಯಲಿಲ್ಲ. ಬ್ಲೂ ಬುಕ್ಕನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ನಮ್ಮ ಕಡೆಯ ತಪ್ಪೇ ಕಣಮ್ಮ. ಆದ್ರೆ ಅಂಕ ಅಪ್‌ಲೋಡ್ ಆಗಿ, ಪರೀಕ್ಷೆ ನಡೆದು, ರಿಸಲ್ಟೂ ಬಂದಿದೆ. ಈಗ ಇದನ್ನ ತೆರೆಯೋಕೆ ನನ್ನ ಕೈಲಿ ಆಗಲ್ಲ. ಸಹಿ ಹಾಕೋ ದಿನ ಬಂದಿದ್ರೆ ಎರಡು ನಿಮಿಷದ ಕೆಲಸ" ಅಂದರು. ಅರ್ಜಿ ಬರೆದುಕೊಡು ಅಂದರು, ಬರೆದುಕೊಟ್ಟೆ. ಅದರಿಂದ ಏನೂ ಆಗಲಿಲ್ಲ.

ಇದನ್ನು ಓದುತ್ತಿರುವವರು ಇಂಟರ್ನಲ್ಸ್ ಪಟ್ಟಿಗೆ ಇನ್ನೂ ಸಹಿ ಹಾಕಿಲ್ಲದಿದ್ದರೆ, ದಯವಿಟ್ಟು ಇಷ್ಟು ಮಾಡಿ. ಪ್ರತಿ ಟೆಸ್ಟಿನ ಬ್ಲೂ ಬುಕ್ ಕೈಗೆ ಬಂದ ದಿನವೇ ಅಂಕ ಇರುವ ಪುಟದ ಫೋಟೊ ತೆಗೆದಿಡಿ. ಅಸೈನ್‌ಮೆಂಟಿನದ್ದೂ ಅಷ್ಟೆ. ಪಟ್ಟಿ ಮುಂದೆ ಬಂದಾಗ ಕೊನೆಯ ಕಾಲಂ ನೋಡಬೇಡಿ, ಎಡದಿಂದ ಒಂದೊಂದೇ ಕಾಲಂ ನೋಡಿ. ನಿಮ್ಮ ಮೇಲಿನವರ ಸಾಲೋ ಕೆಳಗಿನವರ ಸಾಲೋ ನಿಮಗೆ ಬಂದಿದೆಯಾ ಅಂತಲೂ ನೋಡಿ. ನನ್ನದರಲ್ಲಿ ಆಗಿದ್ದು ಬಹುಶಃ ಅದೇ, ಮೇಲಿನ ಹುಡುಗನಿಗೆ 9 ಬಂದಿತ್ತು.

ಇಂಟರ್ನಲ್ಸ್ ದಾರಿ ಮುಚ್ಚಿತು. ಉಳಿದಿದ್ದು ಪರೀಕ್ಷೆಯ ಅಂಕ. ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು, ಆಮೇಲೆ ಬೇಕಾದರೆ ರಿವ್ಯಾಲ್ಯುಯೇಷನ್ ಹಾಕಬಹುದು. ಎರಡಕ್ಕೂ ಕಾಲೇಜಿನ ಮೂಲಕವೇ ಅರ್ಜಿ, ಎರಡಕ್ಕೂ ಬೇರೆ ಬೇರೆ ಶುಲ್ಕ, ಅದೂ ವಿಷಯಕ್ಕೆ ಇಷ್ಟು ಅಂತ. ಕೊನೆಯ ದಿನಾಂಕ ಬಹಳ ಹತ್ತಿರ ಇರುತ್ತದೆ. ರಿಸಲ್ಟ್ ನೋಡಿ ನಾಲ್ಕು ದಿನ ಮನೆಯಲ್ಲಿ ಅತ್ತುಕೊಂಡು ಕೂತರೆ ಅದು ಮುಗಿದೇ ಹೋಗಿರಬಹುದು. ನಾನು ಮಾರನೇ ದಿನವೇ ಹೋಗಿದ್ದು ಎಷ್ಟು ಒಳ್ಳೆಯದಾಯಿತು ಅಂತ ಆಮೇಲೆ ಗೊತ್ತಾಯಿತು.

ನನ್ನ ರೂಮ್‌ಮೇಟ್ ಪ್ರತಿ ಬೇಡ, ನೇರ ರಿವ್ಯಾಲ್ಯುಯೇಷನ್ ಹಾಕೋಣ ಅಂತಿದ್ದಳು. ನನಗೆ ಮನಸ್ಸಾಗಲಿಲ್ಲ. ಅಮ್ಮ ಪಕ್ಕದ ಮನೆಯ ಅಡಿಕೆ ಸುಲಿದು ಕೂಡಿಟ್ಟಿದ್ದ ದುಡ್ಡದು. ಮೊದಲು ಪತ್ರಿಕೆ ನೋಡುವುದು, ಆಸೆ ಇದ್ದರೆ ಮಾತ್ರ ಮುಂದಿನ ದುಡ್ಡು ಕಟ್ಟುವುದು ಅಂತ ತೀರ್ಮಾನ ಮಾಡಿದೆ. ಎರಡೂ ವಿಷಯದ ಪ್ರತಿಗೆ ಅರ್ಜಿ ಹಾಕಿದೆ.

ಪ್ರತಿ ಬರುವವರೆಗೆ ಕಾಯುವಾಗ ಒಂದು ಲೆಕ್ಕ ತಲೆಗೆ ಹತ್ತಿತು. ರಿಸಲ್ಟಿನಲ್ಲಿ ತೋರಿಸುವ ಪರೀಕ್ಷೆ ಅಂಕ 50ಕ್ಕೆ. ಆದರೆ ನಾವು ಬರೆಯುವ ಪ್ರಶ್ನೆಪತ್ರಿಕೆ 100 ಅಂಕದ್ದು, ಮೂರು ಗಂಟೆಯದ್ದು. ಅಲ್ಲಿ ಬಂದ ಅಂಕವನ್ನು ಅರ್ಧ ಮಾಡಿ ತೋರಿಸುತ್ತಾರೆ, ಅರೆ ಅಂಕ ಬಂದರೆ ಮೇಲಕ್ಕೆ ಏರಿಸುತ್ತಾರೆ. ಪಾಸ್ ಆಗಲು 100ಕ್ಕೆ 35 ಬೇಕು. ಅದರ ಅರ್ಧ 17.5, ಅದೇ 18 ಆಗುವುದು.

ಇದನ್ನು ತಿರುಗಿಸಿ ನೋಡಿದರೆ ರಿಸಲ್ಟಿನ ಒಂದೊಂದು ಅಂಕದ ಹಿಂದೆ ಎರಡು ಸಾಧ್ಯತೆ ಇರುತ್ತದೆ. ನನ್ನ ಗಣಿತದ 16 ಅಂದರೆ ಪತ್ರಿಕೆಯಲ್ಲಿ 31 ಇರಬಹುದು, 32 ಇರಬಹುದು. "ಎರಡೇ ಅಂಕ ಕಡಿಮೆ" ಅಂತ ಎಲ್ಲರೂ ಸಮಾಧಾನ ಮಾಡುತ್ತಿದ್ದರು. ನಿಜಕ್ಕೂ ಕಡಿಮೆ ಇದ್ದದ್ದು ಮೂರೋ ನಾಲ್ಕೋ ಅಂಕ. ರೂಮ್‌ಮೇಟಿನ 17 ಅಂದರೆ 33 ಅಥವಾ 34. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ನನ್ನ 19 ಅಂದರೆ 37 ಅಥವಾ 38. ಅಲ್ಲಿ ನನಗೆ 20 ಬೇಕು, ಅದಕ್ಕೆ ಪತ್ರಿಕೆಯಲ್ಲಿ 39 ಬಂದರೆ ಸಾಕು. 38 ಇದ್ದರೆ, 100 ಅಂಕದ ಪತ್ರಿಕೆಯಲ್ಲಿ ಒಂದೇ ಒಂದು ಅಂಕ. ಆ ರಾತ್ರಿ ನಿದ್ದೆ ಬರಲಿಲ್ಲ.

ಹತ್ತು ಹನ್ನೆರಡು ದಿನದಲ್ಲಿ ಎರಡೂ ಪ್ರತಿ ಬಂದವು. ಮೊದಲು ತೆರೆದಿದ್ದು ಗಣಿತ. ಒಳಗೆ ಒಂದೊಂದು ಪ್ರಶ್ನೆಗೂ ಕೊಟ್ಟ ಅಂಕವನ್ನು ನಾನೇ ಪೇಪರಿನಲ್ಲಿ ಬರೆದು ಕೂಡಿದೆ. 42 ಬಂತು. ಎದ್ದು ನಿಂತುಬಿಟ್ಟೆ! 42 ಅಂದರೆ 21, ಪಾಸು. ಕೂಡುವುದರಲ್ಲೇ ತಪ್ಪಾಗಿದೆ ಅಂತ ಓಡಿಹೋಗಿ ಗಣಿತದ ಮೇಡಂಗೆ ತೋರಿಸಿದೆ.

ಅವರು ಕೂತು ನೋಡಿದರು. "ಒಂದನೇ ಪ್ರಶ್ನೆಗೆ ಎಷ್ಟು?" 13 ಅಂದೆ. "ಎರಡನೆಯದಕ್ಕೆ?" 11. "ಎರಡೂ ಯಾವ ಮಾಡ್ಯೂಲ್?" ಅಲ್ಲಿಗೆ ನನಗೆ ಅರ್ಥವಾಯಿತು.

ನಮ್ಮ ಪತ್ರಿಕೆಯಲ್ಲಿ ಐದು ಮಾಡ್ಯೂಲ್, ಒಂದೊಂದರಿಂದ ಎರಡೆರಡು ಪ್ರಶ್ನೆ, ಒಟ್ಟು ಹತ್ತು. ಪ್ರತಿ ಪ್ರಶ್ನೆ 20 ಅಂಕದ್ದು. ಪ್ರತಿ ಮಾಡ್ಯೂಲಿನಿಂದ ಒಂದು ಪೂರ್ತಿ ಪ್ರಶ್ನೆ ಬರೆಯಬೇಕು. ಒಂದೇ ಮಾಡ್ಯೂಲಿನ ಎರಡೂ ಬರೆದರೆ ಜಾಸ್ತಿ ಬಂದದ್ದನ್ನು ಮಾತ್ರ ಹಿಡಿಯುತ್ತಾರೆ. ಮೊದಲ ಮಾಡ್ಯೂಲ್, ಸಂಭವನೀಯತೆಯ ಲೆಕ್ಕಗಳು, ನನಗೆ ಚೆನ್ನಾಗಿ ಬರುತ್ತಿತ್ತು. ಅದರ ಎರಡೂ ಪ್ರಶ್ನೆ ಬರೆದಿದ್ದೆ. ನಾಲ್ಕನೇ ಮಾಡ್ಯೂಲಿನ ಟಿ-ಟೆಸ್ಟ್, ಕೈ-ಸ್ಕ್ವೇರ್ ಲೆಕ್ಕಗಳನ್ನು ಮುಟ್ಟಿಯೇ ಇರಲಿಲ್ಲ. ಎರಡನೇ ಪ್ರಶ್ನೆಯ 11 ಅಂಕ ಲೆಕ್ಕಕ್ಕೆ ಬರಲಿಲ್ಲ. ಉಳಿದದ್ದು 13, ಎರಡನೇ ಮಾಡ್ಯೂಲಿನ 7, ಮೂರನೆಯದರ 6, ಐದನೆಯದರ 5. ಕೂಡಿದರೆ 31. ಅರ್ಧ 15.5, ರಿಸಲ್ಟಿನಲ್ಲಿ 16. ಎಲ್ಲೂ ತಪ್ಪಿರಲಿಲ್ಲ.

"ಆ 11 ಅಂಕಕ್ಕೆ ಎಷ್ಟು ಹೊತ್ತು ಕೊಟ್ಟೆ?" ಅಂತ ಮೇಡಂ ಕೇಳಿದರು. ಅರ್ಧ ಗಂಟೆಗಿಂತ ಜಾಸ್ತಿ. "ಅದೇ ಹೊತ್ತಲ್ಲಿ ನಾಲ್ಕನೇ ಮಾಡ್ಯೂಲಿನ ಒಂದು ಸಣ್ಣ ಲೆಕ್ಕ, ಸೂತ್ರ ಬರೆದು ಅರ್ಧ ಬಿಡಿಸಿದ್ರೂ ನಾಲ್ಕು ಅಂಕ ಬರ್ತಿತ್ತು" ಅಂದರು. 31ಕ್ಕೆ 4 ಸೇರಿಸಿದರೆ 35. ಆ ಕೂಡಿಕೆಯನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರೂ ಹೇಳಲಿಲ್ಲ.

ಇಂಟರ್ನಲ್ಸ್ 44 ಬಂದವಳು ಪರೀಕ್ಷೆಯಲ್ಲಿ ಹೀಗೆ ಹೇಗೆ ಮಾಡಿದಳು ಅಂತ ನಿಮಗೆ ಅನ್ನಿಸಬಹುದು. ಅದಕ್ಕೂ ಕಾರಣ ಇದೆ. ಟೆಸ್ಟ್‌ಗಳಲ್ಲಿ ಸ್ವಲ್ಪ ಸ್ವಲ್ಪ ಪಾಠ ಇರುತ್ತದೆ, ಅಸೈನ್‌ಮೆಂಟನ್ನು ಮನೆಯಲ್ಲಿ ಕೂತು, ಕೇಳಿ ತಿಳಿದು ಬರೆಯಬಹುದು. 44 ನೋಡಿ ನಾನು ಈ ವಿಷಯ ಆಯ್ತು ಅಂದುಕೊಂಡೆ. ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಇಂಟರ್ನಲ್ಸ್ ಕಡಿಮೆ ಇದ್ದ ವಿಷಯಗಳಿಗೇ ದಿನ ಕೊಟ್ಟೆ. ಇಂಟರ್ನಲ್ಸ್ ಎಷ್ಟೇ ಇರಲಿ, ಪರೀಕ್ಷೆಯ 35 ಅನ್ನುವ ಗೆರೆ ಕೆಳಗೆ ಇಳಿಯುವುದಿಲ್ಲ. ಜಾಸ್ತಿ ಇಂಟರ್ನಲ್ಸ್‌ನಿಂದ ಗ್ರೇಡ್ ಏರುತ್ತದೆ, ಆದರೆ ಆ ಗೆರೆ ದಾಟಿದ ಮೇಲೆ ಮಾತ್ರ.

ಗಣಿತಕ್ಕೆ ರಿವ್ಯಾಲ್ಯುಯೇಷನ್ ಹಾಕಬೇಡ ಅಂತ ಮೇಡಂ ಹೇಳಿದರು. ಪುಟಪುಟ ನೋಡಿ ಹೇಳಿದ ಮಾತದು. ನಾಲ್ಕು ಅಂಕ ಏರಬಹುದಾದ ಜಾಗ ಆ ಪತ್ರಿಕೆಯಲ್ಲಿ ಇರಲಿಲ್ಲ. ತಪ್ಪಾದ ಲೆಕ್ಕಗಳಿಗೆ ಹಂತ ನೋಡಿ ಆಗಲೇ ಅಂಕ ಕೊಟ್ಟಿದ್ದರು.

ಡೇಟಾ ಸ್ಟ್ರಕ್ಚರ್ಸ್ ಪತ್ರಿಕೆ ಬೇರೆ ಥರ ಇತ್ತು. ಐದೂ ಮಾಡ್ಯೂಲ್ ಬರೆದಿದ್ದೆ: 10, 9, 8, 7, 4. ಕೂಡಿದರೆ 38. ನನಗೆ ಬೇಕಾದದ್ದು 39. ನಾಲ್ಕನೇ ಮಾಡ್ಯೂಲಿನಲ್ಲಿ ಬೈನರಿ ಸರ್ಚ್ ಟ್ರೀ ಕಟ್ಟುವ ಪ್ರಶ್ನೆಗೆ ಚಿತ್ರ ಸರಿಯಾಗಿ ಬರೆದಿದ್ದೆ, ಒಂದೊಂದು ಸಂಖ್ಯೆ ಸೇರಿಸಿದ ಹಂತವನ್ನೂ ತೋರಿಸಿದ್ದೆ. ಎಂಟು ಅಂಕದ ಉತ್ತರಕ್ಕೆ ನಾಲ್ಕು ಬಂದಿತ್ತು. ಆ ವಿಷಯದ ಮೇಡಂ ನೋಡಿ, "ಇಲ್ಲಿ ಇನ್ನೂ ಒಂದೆರಡು ಕೊಡಬಹುದು, ಖಂಡಿತ ಅಂತ ಹೇಳೋಕೆ ಬರಲ್ಲ, ಆದ್ರೆ ಹಾಕು" ಅಂದರು. ಒಂದೇ ಅಂಕದ ಮಾತು, ಜಾಗವೂ ಕಣ್ಣಿಗೆ ಕಾಣುತ್ತಿದೆ. ಇದಕ್ಕೆ ಮಾತ್ರ ದುಡ್ಡು ಕಟ್ಟಿದೆ.

ರೂಮ್‌ಮೇಟ್ ಕೂಡ ಕೊನೆಗೆ ಪ್ರತಿ ತರಿಸಿದಳು. ಅವಳದ್ದು 34. ಅವಳೂ ಹಾಕಿದಳು.

ಆಮೇಲೆ ಕಾಯುವುದು. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಆದರೆ ಇದೇ ಅತಿ ಕಷ್ಟದ ಭಾಗ. ಐದು ವಾರ ದಿನಾ ಬೆಳಗ್ಗೆ ರಿಸಲ್ಟ್ ಪೇಜ್ ತೆರೆಯುತ್ತಿದ್ದೆ. ನಾಲ್ಕನೇ ಸೆಮಿಸ್ಟರ್ ತರಗತಿ ನಡೆಯುತ್ತಿತ್ತು, ಹೊಸ ಪಾಠ ತಲೆಗೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಮುಂದಿನ ಪರೀಕ್ಷೆಗೆ ಬ್ಯಾಕ್‌ಲಾಗ್ ವಿಷಯಗಳ ಅರ್ಜಿ ತುಂಬುವ ದಿನ ಬಂತು. ರಿವ್ಯಾಲ್ಯುಯೇಷನ್ ಫಲಿತಾಂಶ ಇನ್ನೂ ಬಂದಿರಲಿಲ್ಲ. ಡೇಟಾ ಸ್ಟ್ರಕ್ಚರ್ಸ್‌ಗೆ ಕಟ್ಟುವುದೋ ಬಿಡುವುದೋ ಅಂತ ಎರಡು ದಿನ ಒದ್ದಾಡಿದೆ. ಅಪ್ಪಯ್ಯನಿಗೆ ಫೋನ್ ಮಾಡಿದರೆ, "ಕಟ್ಬಿಡು ಮಾರಾಯ್ತಿ, ಬಸ್ಸು ಹೋದ್ಮೇಲೆ ಓಡಿದ್ರೆ ಎಂತ ಬಂತು" ಅಂದರು. ಎರಡಕ್ಕೂ ಕಟ್ಟಿದೆ. ನೀವೂ ಈ ಸ್ಥಿತಿಯಲ್ಲಿದ್ದರೆ ಕಟ್ಟಿಬಿಡಿ. ರಿವ್ಯಾಲ್ಯುಯೇಷನ್ ಬರುತ್ತದೆ ಅಂತ ನಂಬಿ ಅರ್ಜಿ ಬಿಟ್ಟರೆ, ಬಾರದಿದ್ದಾಗ ಇನ್ನೊಂದು ಸೆಮಿಸ್ಟರ್ ಹೋಗುತ್ತದೆ.

ಮೇ ತಿಂಗಳ ಒಂದು ಮಧ್ಯಾಹ್ನ, ದುರ್ಗಿಗುಡಿಯಲ್ಲಿ ಝೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದಾಗ ರೂಮ್‌ಮೇಟ್ ಫೋನ್ ಬಂತು. ಬಂದಿದೆ ನೋಡು ಅಂದಳು. ಕೈ ನಡುಗುತ್ತಿತ್ತು. ಡೇಟಾ ಸ್ಟ್ರಕ್ಚರ್ಸ್ ಪರೀಕ್ಷೆ ಅಂಕ 19 ಇದ್ದದ್ದು 21 ಆಗಿತ್ತು. ಒಟ್ಟು 41, ಮುಂದೆ `P`. ಪತ್ರಿಕೆಯಲ್ಲಿ ಅದು 41 ಆಯಿತೋ 42 ಆಯಿತೋ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಅಂಗಡಿಯವರ ಮುಂದೆಯೇ ಅತ್ತುಬಿಟ್ಟೆ, ಅವರು ಕುರ್ಚಿ ಕೊಟ್ಟು ಕೂರಿಸಿದರು. ಆಮೇಲೆ ರೂಮ್‌ಮೇಟದ್ದು ಏನಾಯಿತು ಅಂತ ಕೇಳಲು ನೆನಪಾಯಿತು. ಅವಳದ್ದು ಬದಲಾಗಿರಲಿಲ್ಲ, 17ಕ್ಕೇ ನಿಂತಿತ್ತು. ತನ್ನದು ಬದಲಾಗಿಲ್ಲ ಅಂತ ನೋಡಿದ ಮೇಲೂ ಅವಳು ಫೋನ್ ಮಾಡಿ ನನಗೆ ಸುದ್ದಿ ಕೊಟ್ಟಿದ್ದಳು ಅಂತ ಆಗ ತಿಳಿಯಿತು.

ಇಬ್ಬರೂ ಸೇರಿ ಗಣಿತ ಓದಿದೆವು. ಈ ಸಲ ಓದುವ ರೀತಿ ಬದಲಾಯಿಸಿದೆವು. ಐದು ಮಾಡ್ಯೂಲಿಗೂ ಐದು ಹಾಳೆ ಗೋಡೆಗೆ ಅಂಟಿಸಿದೆವು. ಪ್ರತಿ ಹಾಳೆಯಲ್ಲಿ, ಆ ಮಾಡ್ಯೂಲಿನಿಂದ ಕನಿಷ್ಠ 8 ಅಂಕ ತರುವ ಎರಡು ಬಗೆಯ ಲೆಕ್ಕ. ಐದು ಸಲ 8 ಅಂದರೆ 40, ಬೇಕಾದದ್ದು 35, ಐದು ಅಂಕ ಕೈ ತಪ್ಪಿದರೂ ಪರವಾಗಿಲ್ಲ. ನಾಲ್ಕನೇ ಮಾಡ್ಯೂಲಿಗೆ ಹೆದರುತ್ತಿದ್ದೆನಲ್ಲ, ಕೈ-ಸ್ಕ್ವೇರ್ ಲೆಕ್ಕ ಮೂರು ದಿನದಲ್ಲಿ ಬಂತು. ಪಟ್ಟಿ ಹಾಕು, ನಿಜವಾಗಿ ಬಂದದ್ದರಿಂದ ನಿರೀಕ್ಷಿಸಿದ್ದನ್ನು ಕಳೆ, ವರ್ಗ ಮಾಡು, ನಿರೀಕ್ಷಿಸಿದ್ದರಿಂದ ಭಾಗಿಸು, ಎಲ್ಲ ಕೂಡು. ಜನವರಿಯಲ್ಲಿ ಯಾಕೆ ಬಿಟ್ಟೆ ಅಂತ ಈಗಲೂ ಬೇಜಾರಾಗುತ್ತದೆ.

ಜೂನಿನಲ್ಲಿ ನಾಲ್ಕನೇ ಸೆಮಿಸ್ಟರ್ ಇಂಟರ್ನಲ್ಸ್ ಪಟ್ಟಿ ಸಹಿಗೆ ಬಂತು. ನಾನು ಫೋನಿನ ಫೋಟೊಗಳನ್ನು ತೆರೆದಿಟ್ಟುಕೊಂಡು ಒಂದೊಂದು ಕಾಲಂ ನೋಡಿದೆ. ಹಿಂದೆ ನಿಂತವರು ಬೇಗ ಬೇಗ ಅಂದರು. ಎಲ್ಲವೂ ಸರಿ ಇತ್ತು. ನಂತರ ನನ್ನ ಹಿಂದಿದ್ದ ಹುಡುಗಿಯೂ ತನ್ನ ಫೋನ್ ತೆಗೆದಳು.

ಗಣಿತ ಪರೀಕ್ಷೆ ಜುಲೈನಲ್ಲಿ, ಜೋರು ಮಳೆಯ ದಿನ. ಊರಲ್ಲಿ ಎರಡು ದಿನದಿಂದ ಕರೆಂಟ್ ಇರಲಿಲ್ಲ, ಹಾಗಾಗಿ ಮೂರು ದಿನ ಮೊದಲೇ ಶಿವಮೊಗ್ಗಕ್ಕೆ ಬಂದಿದ್ದೆ. ಪ್ರಶ್ನೆಪತ್ರಿಕೆ ಕೈಗೆ ಬಂದ ತಕ್ಷಣ ಐದು ಮಾಡ್ಯೂಲಿನ ಪಕ್ಕ ಪೆನ್ಸಿಲಿನಲ್ಲಿ ಒಂದೊಂದು ಪ್ರಶ್ನೆಗೆ ಗುರುತು ಹಾಕಿದೆ. ಒಂದೊಂದಕ್ಕೆ 35 ನಿಮಿಷ. ಮೊದಲ ಮಾಡ್ಯೂಲಿನ ಎರಡನೇ ಪ್ರಶ್ನೆಯೂ ಬರುತ್ತಿತ್ತು. ಅದರ ಕಡೆ ನೋಡಲಿಲ್ಲ.

ಬಸ್ಸು, ಊಟ, ಝೆರಾಕ್ಸ್, ಎರಡು ಪತ್ರಿಕೆಯ ಪ್ರತಿ, ಒಂದು ರಿವ್ಯಾಲ್ಯುಯೇಷನ್, ಎರಡು ಬ್ಯಾಕ್‌ಲಾಗ್ ಶುಲ್ಕ ಎಲ್ಲ ಸೇರಿ ಆದ ಖರ್ಚನ್ನು ಅಮ್ಮ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು. ಆ ದುಡ್ಡಿನಲ್ಲಿ ಮಳೆಗಾಲದ ಮೊದಲು ಕೊಟ್ಟಿಗೆಗೆ ಹೊಸ ಶೀಟು ಹಾಕಿಸಬೇಕಿತ್ತು. ಅವಳು ಅದನ್ನು ನನ್ನ ಹತ್ತಿರ ಹೇಳಲಿಲ್ಲ. ಜುಲೈನಲ್ಲಿ ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ಸೋರುವ ಕಡೆ ಬಕೆಟ್ ಇಟ್ಟಿದ್ದು ನೋಡಿ ಗೊತ್ತಾಯಿತು.

ಫಲಿತಾಂಶ ಬಂದಾಗ ಮಳೆ ಇನ್ನೂ ಬಿಟ್ಟಿರಲಿಲ್ಲ. ಕೊಡೆ ಹಿಡಿದು ಅದೇ ಹಲಸಿನ ಮರದ ಬುಡಕ್ಕೆ ಹೋದೆ. ಈ ಸಲ ಒಟ್ಟು ಅಂಕದ ಸಾಲನ್ನು ಕೈಯಿಂದ ಮುಚ್ಚಿಕೊಂಡು ಪರೀಕ್ಷೆಯ ಅಂಕ ಮೊದಲು ನೋಡಿದೆ. ಗಣಿತ 23. ಇಂಟರ್ನಲ್ಸ್ ಹಳೆಯ 44 ಹಾಗೇ ಇತ್ತು. ಒಟ್ಟು 67, `P`. ರೂಮ್‌ಮೇಟಿನ ಯುಎಸ್‌ಎನ್ ಕೂಡ ಹಾಕಿ ನೋಡಿದೆ, ಅವಳಿಗೆ 26.

ಕೆಳಗೆ ಬಂದಾಗ ಅಪ್ಪಯ್ಯ ಜಗಲಿಯಲ್ಲಿ ಕೂತು ಕಂಬಳಿಕೊಪ್ಪೆ ಒಣಗಲು ಹರವುತ್ತಿದ್ದರು.

"ಎಷ್ಟು ಬಂತೆ?"

"ಇಪ್ಪತ್ಮೂರು ಅಪ್ಪಯ್ಯ."

ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಐವತ್ತಕ್ಕಾ, ನೂರಕ್ಕಾ?"

"ಐವತ್ತಕ್ಕೆ."

"ಹದಿನೆಂಟು ಸಾಕಿತ್ತಲ್ವಾ, ಹಂಗಾದ್ರೆ ಆಯ್ತು" ಅಂದು ಒಳಗೆ ತಿರುಗಿ, ಕಾಫಿ ಇಡಲು ಅಮ್ಮನಿಗೆ ಕೂಗಿ ಹೇಳಿದರು.